ನಾಲ್ಕು ಚಿತ್ರ, ಒಂದೇ ತೊಲೆ

ಗೇಟ್ ಪರೀಕ್ಷೆಯಲ್ಲೋ ಎಂಜಿನಿಯರ್ ಹುದ್ದೆಯ ಪರೀಕ್ಷೆಯಲ್ಲೋ ಆಗಾಗ ಬರುವ ಪ್ರಶ್ನೆಯೊಂದಿದೆ. ಒಂದು ತೊಲೆ, ಅದರ ಮೇಲೊಂದು ಭಾರ, ಕೆಳಗೆ ನಾಲ್ಕು ಚಿತ್ರ. ಸರಿಯಾದ ಬೆಂಡಿಂಗ್ ಮೊಮೆಂಟ್ ಚಿತ್ರ ಯಾವುದು? ನಾಲ್ಕೂ ಮೇಲ್ನೋಟಕ್ಕೆ ಸರಿಯೆನಿಸುವುದರಿಂದ ಓದಿದವರೂ ಇಲ್ಲಿ ಎಡವುತ್ತಾರೆ.

ತೊಲೆಯನ್ನು ಯಾವುದೇ ಜಾಗದಲ್ಲಿ ಕತ್ತರಿಸಿದಂತೆ ಊಹಿಸಿಕೊಂಡರೆ, ಒಂದು ತುಂಡನ್ನು ಇನ್ನೊಂದರ ಪಕ್ಕದಿಂದ ಕೆಳಗೋ ಮೇಲಕ್ಕೋ ಜಾರಿಸಲು ನೋಡುವ ಬಲವೇ ಶಿಯರ್ ಫೋರ್ಸ್. ಅಲ್ಲಿ ತೊಲೆಯನ್ನು ಬಗ್ಗಿಸಲು ನೋಡುವುದು ಬೆಂಡಿಂಗ್ ಮೊಮೆಂಟ್. ಎರಡಕ್ಕೂ ಗಟ್ಟಿ ನಂಟಿದೆ: ಮೊಮೆಂಟ್ ಗೆರೆಯ ಇಳಿಜಾರು ಎಷ್ಟೋ, ಅಲ್ಲಿನ ಶಿಯರ್ ಅಷ್ಟು.

ಬಾಲ್ಕನಿ ಇರುವ ಮನೆಯ ತೊಲೆಯನ್ನೇ ನೋಡೋಣ. ಎ ಮತ್ತು ಬಿ ಎಂಬ ಎರಡು ಕಂಬಗಳ ನಡುವೆ 4 ಮೀಟರ್, ಬಿ ದಾಟಿ 2 ಮೀಟರ್ ಹೊರಚಾಚು. ಉದ್ದಕ್ಕೂ ಮೀಟರಿಗೆ 10 ಕಿಲೋನ್ಯೂಟನ್ ಭಾರ. ಒಟ್ಟು 60ರಲ್ಲಿ ಬಿ ಕಂಬ 45 ಹೊರುತ್ತದೆ, ಎ ಕಂಬ 15. ಶಿಯರ್ ಗೆರೆ ಎ ಬಳಿ +15ರಿಂದ ನೇರವಾಗಿ ಇಳಿದು ಬಿ ಎಡಬದಿಯಲ್ಲಿ −25 ಆಗುತ್ತದೆ, ಅಲ್ಲಿ ಒಮ್ಮೆಲೇ +20ಕ್ಕೆ ಜಿಗಿದು ತುದಿಯಲ್ಲಿ ಸೊನ್ನೆಗೆ ಬರುತ್ತದೆ.

ಈಗ ಆಯ್ಕೆಗಳತ್ತ. ಮೊದಲನೆಯದರಲ್ಲಿ ಮೊಮೆಂಟ್ ಎಲ್ಲೆಡೆ ನೇರ ಗೆರೆ. ಹರಡಿದ ಭಾರದ ಕೆಳಗೆ ಶಿಯರ್ ಬದಲಾಗುತ್ತಲೇ ಇರುವುದರಿಂದ ಇಳಿಜಾರೂ ಬದಲಾಗಲೇಬೇಕು, ಗೆರೆ ಬಾಗಲೇಬೇಕು. ಅದು ಹೋಯಿತು. ಎರಡನೆಯದು ಬಿ ಬಳಿ ಧನ ಮೊಮೆಂಟ್ ತೋರಿಸುತ್ತದೆ. ಹೊರಚಾಚಿನ 20 ಕಿಲೋನ್ಯೂಟನ್ ಬಿಯಿಂದ 1 ಮೀಟರ್ ದೂರದಲ್ಲಿ ಕೆಳಕ್ಕೆ ಎಳೆಯುತ್ತದೆ, ತೊಲೆ ಅಲ್ಲಿ ಮೇಲುಬ್ಬುತ್ತದೆ. ಹಾಗಾಗಿ ಉತ್ತರ −20. ಅದೂ ಹೋಯಿತು.

ಮೂರನೆಯದೇ ನಿಜವಾಗಿ ಮೋಸ ಮಾಡುವಂಥದ್ದು. ಅದರ ಚಿಹ್ನೆ ಸರಿ, ಗೆರೆಯೂ ಬಾಗಿದೆ, ಆದರೆ ಬಿ ಬಳಿ ತಗ್ಗು ನುಣುಪಾಗಿ ದುಂಡಗಿದೆ. ಅಲ್ಲಿ ಇಳಿಜಾರು −25ರಿಂದ +20ಕ್ಕೆ ಒಂದೇ ಸಲಕ್ಕೆ ಬದಲಾಗುವಾಗ ತಗ್ಗಿನ ತಳ ಚೂಪಾಗಿಯೇ ಇರಬೇಕು. ಉಳಿದ ನಾಲ್ಕನೆಯ ಚಿತ್ರದಲ್ಲಿ ಆ ಚೂಪು ಇದೆ. ಎಯಿಂದ 1.5 ಮೀಟರ್‌ನಲ್ಲಿ, ಅಂದರೆ ಶಿಯರ್ ಸೊನ್ನೆಯಾದಲ್ಲಿ, 11.25ರ ಶಿಖರವೂ ಇದೆ. ತುದಿಯಲ್ಲಿ ಗೆರೆ ಅಕ್ಷವನ್ನು ಮಟ್ಟಸವಾಗಿ ಮುಟ್ಟುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲವು ಪುಸ್ತಕಗಳು ಧನ ಮೊಮೆಂಟನ್ನು ಅಕ್ಷದ ಕೆಳಗೆ ಬರೆಯುತ್ತವೆ. ಆಗ ಇಡೀ ಮೊಮೆಂಟ್ ಚಿತ್ರ ತಲೆಕೆಳಗಾಗುತ್ತದೆ, ಚೂಪು ಹೋಗುವುದಿಲ್ಲ. ಪ್ರಶ್ನೆ ಯಾವ ಪದ್ಧತಿ ಹಿಡಿದಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಚಿಹ್ನೆ ತಪ್ಪಿದರೆ ಕಟ್ಟಡದಲ್ಲಿ ಕಬ್ಬಿಣದ ಜಾಗವೇ ತಪ್ಪುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳಿದಷ್ಟು ಎಳೆತವನ್ನು ತಾಳದು. ಬಿ ಕಂಬದ ಮೇಲೆ ಮೊಮೆಂಟ್ ಋಣವಾದ್ದರಿಂದ ಎಳೆತ ಬೀಳುವುದು ತೊಲೆಯ ಮೇಲ್ಭಾಗಕ್ಕೆ, ಮುಖ್ಯ ಸರಳು ಬೇಕಾದದ್ದೂ ಅಲ್ಲೇ. ಎಯಿಂದ 3 ಮೀಟರ್ ದೂರದಲ್ಲಿ ಮೊಮೆಂಟ್ ಸೊನ್ನೆಯಾಗಿ ಚಿಹ್ನೆ ಬದಲಾಗುತ್ತದೆ. ಆದ್ದರಿಂದ ಮೇಲಿನ ಸರಳನ್ನು ಕಂಬದ ಮೇಲೇ ನಿಲ್ಲಿಸದೆ, ಒಳಗೆ ಆ 1 ಮೀಟರ್ ದಾಟಿಸಿ ಇನ್ನಷ್ಟು ಮುಂದಕ್ಕೆ ಒಯ್ಯುತ್ತಾರೆ.