ಗಂಟೆ ಯಾವುದು, ಬೀಗ ಯಾವುದು?

ಮೈಸೂರಿನ ಒಂದು ಮನೆ. ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ 449 ರೂಪಾಯಿಯ ಏಳು ಸಾಲು ಕಂಡು ಅಮ್ಮ ಬೆಚ್ಚಿದರು. ‘ಯಾರೋ ಹ್ಯಾಕ್ ಮಾಡಿರಬೇಕು ಕಣ್ರೀ’ ಎಂದು ಗಂಡನಿಗೆ ತೋರಿಸಿದರು. ಆರನೇ ಕ್ಲಾಸಿನ ಮಗ ಮಾತ್ರ ತಲೆ ತಗ್ಗಿಸಿ ಉಪ್ಪಿಟ್ಟಿನಲ್ಲಿದ್ದ ಕರಿಬೇವು ಆರಿಸುತ್ತಿದ್ದ. 3,143 ರೂಪಾಯಿ ಹೋಗಿದ್ದು ಮೊಬೈಲ್ ಆಟದ ವಜ್ರಗಳಿಗೆ. ಪಿನ್ ಅವನಿಗೆ ಹೇಗೆ ಗೊತ್ತಾಯಿತು ಎಂದರೆ, ಹಿಂದೊಮ್ಮೆ ಹಾಲಿನವರಿಗೆ ದುಡ್ಡು ಕಳಿಸುವಾಗ ಚಪಾತಿ ಹಿಟ್ಟಿನ ಕೈಯಲ್ಲಿದ್ದ ಅಮ್ಮನೇ ಹೇಳಿಕೊಟ್ಟಿದ್ದರು.

ಇದು ಹಳೆಯ ಸಮಸ್ಯೆಯೇ. ಅಮೆರಿಕದಲ್ಲಿ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಆಪಲ್‌ನ ಅಂಗಡಿ 15 ನಿಮಿಷ, ಗೂಗಲ್‌ನದು 30 ನಿಮಿಷ ಮತ್ತೆ ಕೇಳುತ್ತಲೇ ಇರಲಿಲ್ಲ. ಆ ಸಂದಿಯಲ್ಲಿ ಮಕ್ಕಳು ಮಾಡಿದ ಖರೀದಿಗಾಗಿ 2014ರಲ್ಲಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಬೇಕಾಯಿತು. ನಮ್ಮಲ್ಲಿ ಓಟಿಪಿ, ಯುಪಿಐ ಪಿನ್ ಅಡ್ಡ ನಿಲ್ಲುತ್ತವೆ, ನಿಜ. ಆದರೆ ಓಟಿಪಿ ಬಂದು ಬೀಳುವುದು ಮಗು ಆಡುತ್ತಿರುವ ಫೋನಿಗೇ.

ಗಾಬರಿಯಲ್ಲಿ ಅಮ್ಮ ಮೊದಲು ಕೈಹಾಕಿದ್ದು ಪ್ಲೇ ಸ್ಟೋರ್‌ನ ಬಜೆಟ್ ಸೌಲಭ್ಯಕ್ಕೆ. ತಿಂಗಳಿಗೆ 200 ರೂಪಾಯಿ ಎಂದು ನಮೂದಿಸಿ ನಿಟ್ಟುಸಿರು ಬಿಟ್ಟರು. ಬಹಳ ಜನ ಎಡವುವುದು ಇಲ್ಲೇ. ಆ ಬಜೆಟ್ ಬರೀ ಗಂಟೆ: ಮಿತಿ ಹತ್ತಿರ ಬಂತು, ದಾಟಿತು ಎಂದು ಬಾರಿಸುತ್ತದೆಯೇ ಹೊರತು ಖರೀದಿಯನ್ನು ತಡೆಯುವುದಿಲ್ಲ. ಹೆಸರು ನೋಡಿದರೆ ಬೀಗ ಎನ್ನಿಸುತ್ತದೆ, ಅಷ್ಟೇ.

ಬೀಗ ಬೇಕಾದರೆ ಮಗುವಿಗೆ ಅದರದೇ ಖಾತೆ ಇರಬೇಕು. ಫೋನಿನಿಂದ ಅಮ್ಮನ ಗೂಗಲ್ ಖಾತೆಯನ್ನು, ಜೊತೆಗೆ ಪಾವತಿ ಆ್ಯಪ್‌ಗಳನ್ನು ತೆಗೆದು, Family Link ಮೂಲಕ ಮಗನ ನಿಜವಾದ ಹುಟ್ಟಿದ ದಿನಾಂಕದಲ್ಲಿ ಹೊಸ ಖಾತೆ ತೆರೆದರು. ಅದರಲ್ಲಿ ಖರೀದಿಗೆ ಅನುಮತಿ ಕೇಳುವ ಆಯ್ಕೆಗಳು ಹಲವು. ಎಲ್ಲಕ್ಕೂ ಕೇಳಬೇಕು ಎಂಬುದನ್ನು ಆರಿಸಿದರೆ ಪುಕ್ಕಟೆ ಆ್ಯಪ್ ಇಳಿಸಿಕೊಳ್ಳಲೂ ಪೋಷಕರು ಒಪ್ಪಬೇಕು. ಆರಂಭದಲ್ಲಿ ಕಿರಿಕಿರಿ ಅನ್ನಿಸಿದರೂ ಹನ್ನೊಂದರ ಮಗುವಿಗೆ ಇದೇ ಸರಿ. ಅಮ್ಮನ ಸ್ವಂತ ಫೋನಿನಲ್ಲೂ ಪ್ಲೇ ಸ್ಟೋರ್‌ನ Purchase verification ತೆರೆದು, ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿದ್ದಾಯಿತು. ಪಿನ್ ಬದಲಾಯಿಸಿದ್ದಂತೂ ಆ ದಿನವೇ.

ಈ ಬೀಗಕ್ಕೂ ಒಂದು ಸಂದಿಯಿದೆ. ಅನುಮತಿ ಕೇಳುವುದು ಗೂಗಲ್ ಪ್ಲೇ ಮೂಲಕ ಹಣ ಕಟ್ಟಿದಾಗ ಮಾತ್ರ. ಹಲವು ಆಟಗಳಿಗೆ ಹೊರಗಿನ ಜಾಲತಾಣದಲ್ಲಿ ಪ್ಲೇಯರ್ ಐಡಿ ಕೊಟ್ಟು ಟಾಪ್‌ಅಪ್ ಮಾಡಬಹುದು. ಪಕ್ಕದ ಮನೆಯ ಅಣ್ಣನ ಕೈಗೆ ನಗದು ಕೊಟ್ಟು ಐಡಿ ಹೇಳಿದರೂ ವಜ್ರ ಬಂದು ಬೀಳುತ್ತದೆ. ಪೋಷಕರ ಫೋನಿಗೆ ಸುಳಿವೂ ಇರುವುದಿಲ್ಲ. ಗುರುತು ಒಂದೇ: ಆಟದೊಳಗೆ ಹೊಸ ಉಡುಪು, ಹೊಸ ಬಂದೂಕು ಇದೆ, ಪ್ಲೇ ಸ್ಟೋರ್‌ನ ಖರೀದಿ ಪಟ್ಟಿಯಲ್ಲಿ ಏನೂ ಇಲ್ಲ.

ಆಟ ತಯಾರಿಸಿದವರೇ ಹಾಕುವ ಮಿತಿಗಳೂ ಉಂಟು. 2021ರಲ್ಲಿ ಬಿಜಿಎಂಐ ಬಂದಾಗ 18 ತುಂಬದವರ ಖರ್ಚಿಗೆ ದಿನಕ್ಕೆ 7,000 ರೂಪಾಯಿ ಮಿತಿ ಎಂದಿತ್ತು. ಮೂವತ್ತು ದಿನಕ್ಕೆ ಗುಣಿಸಿದರೆ ಎರಡು ಲಕ್ಷದ ಹತ್ತು ಸಾವಿರ!

ಪ್ಲೇಸ್ಟೇಷನ್‌ನಲ್ಲಿ ಲೆಕ್ಕ ಇನ್ನೂ ಬಿಗಿ. ಮಗುವಿನ ಖಾತೆಗೆ ಖರ್ಚಿನ ಮಿತಿ ಶುರುವಿನಲ್ಲೇ ಸೊನ್ನೆ. Family and Parental Controls ಒಳಗೆ ಹೋಗಿ ತಿಂಗಳಿಗಿಷ್ಟು ಎಂದು ಪೋಷಕರು ಏರಿಸಬೇಕು. ಮಗು ಕೊಂಡಿದ್ದಕ್ಕೆಲ್ಲ ಹಣ ಹೋಗುವುದು ಕುಟುಂಬದ ಖಾತೆ ನಡೆಸುವವರ ವ್ಯಾಲೆಟ್‌ನಿಂದ. ಅದರಲ್ಲಿ ಮೂರು ಸಾವಿರವಿದ್ದರೂ ಮಿತಿ ಐನೂರಾದರೆ ಐನೂರಕ್ಕೇ ಬಾಗಿಲು ಮುಚ್ಚುತ್ತದೆ.

ಆದರೆ ಈ ಮಿತಿ ಅಂಟಿಕೊಂಡಿರುವುದು ಖಾತೆಗೆ, ಯಂತ್ರಕ್ಕಲ್ಲ. ಭಾನುವಾರ ಮಗ ಅಪ್ಪನ ಹೆಸರನ್ನು ಒತ್ತಿ ಒಳಹೊಕ್ಕರೆ ಅಪ್ಪನ ಕಾರ್ಡೇ ಅಲ್ಲಿ ಕಾದಿರುತ್ತದೆ. ಹಾಗಾಗಿ ಅಪ್ಪನ ಪ್ರೊಫೈಲಿಗೆ ನಾಲ್ಕಂಕಿಯ ಪಾಸ್‌ಕೋಡ್, ಖರೀದಿಯ ಹೊತ್ತಿಗೆ ಪಾಸ್‌ವರ್ಡ್ ಎರಡೂ ಬೇಕು. ಹೊಸ ಬಳಕೆದಾರರನ್ನು ಸೇರಿಸದಂತೆ ಯಂತ್ರದಲ್ಲೇ ನಿರ್ಬಂಧ ಹಾಕಬಹುದು. ಅದರ ಪಾಸ್‌ಕೋಡ್ ಮಾತ್ರ ಕಾರ್ಖಾನೆಯಿಂದ 0000 ಆಗಿಯೇ ಬರುತ್ತದೆ, ಮಕ್ಕಳಿಗೆ ಇದು ನಮಗಿಂತ ಮೊದಲೇ ಗೊತ್ತು.

ಹೋದ ದುಡ್ಡು? ಪ್ಲೇ ಸ್ಟೋರ್‌ನಲ್ಲಿ 48 ಗಂಟೆಯೊಳಗೆ ಮರುಪಾವತಿ ಕೇಳಿದರೆ ದಾರಿ ಸುಲಭ. ಆಮೇಲೆ ಆಟದ ಕಂಪನಿಯನ್ನೇ ಕೇಳಿಕೊಳ್ಳಬೇಕಾಗುತ್ತದೆ. ಆ ಮನೆಯಲ್ಲಿ ಏಳರ ಪೈಕಿ ಕೊನೆಯ ಎರಡು ಖರೀದಿಗಳ ಹಣ, 898 ರೂಪಾಯಿ, ವಾಪಸ್ ಬಂತು. ಅದಾದ ನಾಲ್ಕನೇ ದಿನ ಅಮ್ಮ ಕಚೇರಿಯಲ್ಲಿದ್ದಾಗ ಫೋನು ಸದ್ದು ಮಾಡಿತು. ತೆರೆ ಮೇಲೆ ಮಗನ ಮೊದಲ ಅನುಮತಿ ಕೋರಿಕೆ: 89 ರೂಪಾಯಿ. ‘ಸಂಜೆ ಬಂದು ನೋಡ್ತೀನಿ’ ಎಂದು ಮನೆಗೆ ಫೋನ್ ಮಾಡಿ ಹೇಳಿದರು.