ಪಾಸ್‌ಬುಕ್ಕಿನ ಮೇಲೊಂದು ಸಾಲು

'ಇಂದಿನ ಉಳಿತಾಯ, ನಾಳೆಯ ಭದ್ರತೆ' ಎಂದರೆ ಅಪ್ಪ ತಲೆದೂಗುತ್ತಾರೆ, ಐದನೇ ಕ್ಲಾಸಿನ ಮಗಳಿಗೆ ಏನೂ ಅನ್ನಿಸುವುದಿಲ್ಲ. ಅವಳಿಗೆ ಬೇಕಾದದ್ದು ಸೈಕಲ್. 'ನನ್ನ ದುಡ್ಡು, ನನ್ನ ಸೈಕಲ್' ಎಂದರೆ ಅವಳು ಕುಣಿಯುತ್ತಾಳೆ, ಆದರೆ ಖರ್ಚಿನ ಚಟ ಹತ್ತೀತೆಂದು ಅಮ್ಮನಿಗೆ ಅಳುಕು. 'ನಾನೇ ಕೂಡಿಟ್ಟು ಕೊಂಡ ಸೈಕಲ್' ಎಂದು ಬರೆದು ನೋಡಿ. ಮಗುವಿಗೆ ಸೈಕಲ್ಲೂ ಹೆಮ್ಮೆಯೂ ಸಿಕ್ಕಿತು, ಅಮ್ಮನಿಗೆ ಬೇಕಾದ ಉಳಿತಾಯದ ಅಭ್ಯಾಸವೂ ಒಳಗೇ ಬಂತು. ನನಗೆ ಇದೇ ಇಷ್ಟ.

ಘೋಷವಾಕ್ಯ ಖಾತೆಯ ನಿಯಮವನ್ನು ಮೀರಬಾರದು. ಸ್ಟೇಟ್ ಬ್ಯಾಂಕಿನ 'ಪೆಹಲಾ ಕದಂ' ಹೆತ್ತವರ ಜೊತೆಗಿನ ಜಂಟಿ ಖಾತೆ. 'ಪೆಹಲಿ ಉಡಾನ್' 10 ವರ್ಷ ದಾಟಿದ, ಪ್ರತಿಸಲ ಒಂದೇ ರೀತಿ ಸಹಿ ಹಾಕಬಲ್ಲ ಮಕ್ಕಳ ಸ್ವಂತ ಖಾತೆ. 'ಸಹಿ ನಿನ್ನದೇ' ಎಂಬ ಸಾಲು ಎರಡನೆಯದಕ್ಕೆ ಮಾತ್ರ ಒಪ್ಪುತ್ತದೆ. ಮೊದಲನೆಯದರ ಮೇಲೆ ಅಚ್ಚುಹಾಕಿಸಿದರೆ, ಮಗು ಕೌಂಟರಿನ ಮುಂದೆ ಪೆಚ್ಚಾಗುತ್ತದೆ.