ಹದಿನೈದು ವರದಿಗಳು ಹಿಡಿದುಕೊಟ್ಟ ಅಪಾಯ

1998ರ ಆಗಸ್ಟ್ 31ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ‘ರೋಟಾಶೀಲ್ಡ್’ ಎಂಬ ಹೊಸ ಲಸಿಕೆಗೆ ಪರವಾನಗಿ ಕೊಟ್ಟಿತು. ಹಸುಗೂಸುಗಳಿಗೆ ವಾಂತಿ, ಭೇದಿ ಹಚ್ಚಿ, ಮೈಯ ನೀರನ್ನೆಲ್ಲ ಬಸಿದು ಸಾಯಿಸುವ ರೋಟಾವೈರಸ್ಸಿಗೆ ಪರವಾನಗಿ ಪಡೆದ ಮೊದಲ ಲಸಿಕೆ ಅದು. ಎರಡು, ನಾಲ್ಕು ಮತ್ತು ಆರನೇ ತಿಂಗಳಲ್ಲಿ ಮಗುವಿನ ಬಾಯಿಗೆ ಹಾಕಬೇಕಿತ್ತು. ಪರವಾನಗಿಗೆ ಮುಂಚೆ 10,054 ಶಿಶುಗಳಿಗೆ ಲಸಿಕೆ ಕೊಟ್ಟು ಪರೀಕ್ಷಿಸಿದ್ದರು. ಹೋಲಿಕೆಗಾಗಿ 4,633 ಶಿಶುಗಳಿಗೆ ಲಸಿಕೆಯಂತೆಯೇ ಕಾಣುವ, ಆದರೆ ಮದ್ದಿಲ್ಲದ ದ್ರವವನ್ನು ಕೊಟ್ಟಿದ್ದರು.

ಆ ಪರೀಕ್ಷೆಗಳಲ್ಲೇ ಒಂದು ಸುಳಿವು ಸಿಕ್ಕಿತ್ತು. ಲಸಿಕೆ ಪಡೆದವರಲ್ಲಿ 5 ಮಕ್ಕಳಿಗೆ, ಪಡೆಯದವರಲ್ಲಿ ಒಂದು ಮಗುವಿಗೆ ಇಂಟಸಸೆಪ್ಷನ್ ಎಂಬ ತೊಂದರೆ ಕಾಣಿಸಿಕೊಂಡಿತ್ತು. ಅಂಗಿಯ ತೋಳು ಒಳಕ್ಕೆ ಮಡಚಿಕೊಳ್ಳುವ ಹಾಗೆ ಕರುಳಿನ ಒಂದು ಭಾಗ ಪಕ್ಕದ ಭಾಗದೊಳಗೆ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಕಾಲುಗಳನ್ನು ಹೊಟ್ಟೆಗೆ ಎಳೆದುಕೊಂಡು ಚೀರುತ್ತದೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಚೀರುತ್ತದೆ. ವಾಂತಿಯಾಗುತ್ತದೆ. ತಡವಾದರೆ ಮಲದಲ್ಲಿ ರಕ್ತ ಬೆರೆತ ಲೋಳೆ ಬರುತ್ತದೆ. ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯುವುದು ನಿಂತರೆ ಆ ಭಾಗ ಕೊಳೆಯುತ್ತದೆ. ಕತ್ತರಿಸಿ ತೆಗೆಯದೆ ಬೇರೆ ದಾರಿ ಇರುವುದಿಲ್ಲ.

ಲಸಿಕೆಯ ಗುಂಪಿನಲ್ಲಿ ಮಕ್ಕಳು ಎರಡು ಪಟ್ಟಿಗಿಂತ ಹೆಚ್ಚಿದ್ದರು. ಆ ಲೆಕ್ಕದಲ್ಲಿ ಅಲ್ಲಿ ಎರಡು ಪ್ರಕರಣ ಕಂಡರೆ ಸಹಜ, ಕಂಡದ್ದು ಐದು. ಇಷ್ಟು ಚಿಕ್ಕ ಸಂಖ್ಯೆಗಳಲ್ಲಿ ಎರಡಿರಬೇಕಾದಲ್ಲಿ ಐದಾಗುವುದು ಬರೀ ಆಕಸ್ಮಿಕವೂ ಆಗಿರಬಹುದು. ತಜ್ಞರು ಅದನ್ನು ಮುಚ್ಚಿಡಲಿಲ್ಲ. ಲಸಿಕೆಯ ಜೊತೆ ಬರುವ ಮಾಹಿತಿ ಪತ್ರದಲ್ಲಿ ಈ ತೊಂದರೆಯ ಹೆಸರು ಸೇರಿಸಿದರು, ಮಾರುಕಟ್ಟೆಗೆ ಬಂದ ಮೇಲೂ ಇದರ ಮೇಲೆ ಕಣ್ಣಿಡಬೇಕು ಎಂದರು. ಅದಕ್ಕಿಂತ ಹೆಚ್ಚಿನದನ್ನು ಆ ಪರೀಕ್ಷೆ ಹೇಳಲಾರದಾಗಿತ್ತು. ಹತ್ತು ಸಾವಿರಕ್ಕೊಬ್ಬರಿಗೆ ಆಗುವ ಹಾನಿಯನ್ನು ಹತ್ತು ಸಾವಿರ ಜನರಲ್ಲಿ ಹುಡುಕಿದರೆ ಸಿಗುವುದು ಸರಾಸರಿ ಒಂದೇ ಒಂದು ಹೆಚ್ಚುವರಿ ಪ್ರಕರಣ. ಬಹುಪಾಲು ಔಷಧಗಳು ಇದಕ್ಕಿಂತಲೂ ಕಡಿಮೆ ಜನರ ಮೇಲೆ ಪರೀಕ್ಷೆಯಾಗಿ ಅಂಗಡಿಗೆ ಬರುತ್ತವೆ. ಮೂರು ಸಾವಿರ ಜನರಲ್ಲಿ ಒಂದು ಹಾನಿ ಒಮ್ಮೆಯೂ ಕಾಣದಿದ್ದರೆ, ಅದು ಸಾವಿರಕ್ಕೊಂದಕ್ಕಿಂತ ಅಪರೂಪ ಎಂದಷ್ಟೇ ಭರವಸೆಯಿಂದ ಹೇಳಬಹುದು; ಆಗುವುದೇ ಇಲ್ಲ ಎನ್ನುವಂತಿಲ್ಲ.

ಮುಂದಿನ ಕೆಲಸ ಫಾರ್ಮಕೊವಿಜಿಲೆನ್ಸ್‌ನದು, ಅಂದರೆ ಔಷಧ ಜನರ ಕೈ ಸೇರಿದ ಮೇಲೂ ಅದರ ಮೇಲೆ ನಿಗಾ ಇಡುವುದು. ಅಮೆರಿಕದಲ್ಲಿ ಲಸಿಕೆಗಳ ಅಡ್ಡಪರಿಣಾಮಕ್ಕೆಂದೇ ‘ವೇರ್ಸ್’ ಎಂಬ ವರದಿ ವ್ಯವಸ್ಥೆಯಿದೆ. ವೈದ್ಯರು, ನರ್ಸ್‌ಗಳು, ತಂದೆತಾಯಿ ಯಾರು ಬೇಕಾದರೂ ವರದಿ ಕಳಿಸಬಹುದು. 1999ರ ಜುಲೈ 7ರ ಹೊತ್ತಿಗೆ, ರೋಟಾಶೀಲ್ಡ್ ಪಡೆದ ಮೇಲೆ ಕರುಳು ಸಿಕ್ಕಿಕೊಂಡ 15 ಶಿಶುಗಳ ವರದಿ ಅಲ್ಲಿಗೆ ಬಂದಿತ್ತು. ಎಂಟು ಮಕ್ಕಳಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಒಂದು ಮಗುವಿನ ಏಳು ಅಂಗುಲದಷ್ಟು ಕರುಳನ್ನು ಕತ್ತರಿಸಿ ತೆಗೆಯಬೇಕಾಗಿ ಬಂದಿತ್ತು.

ಹದಿನೈದು ಹೆಚ್ಚೋ ಕಡಿಮೆಯೋ? ಅಷ್ಟರಲ್ಲಿ ಸುಮಾರು 15 ಲಕ್ಷ ಡೋಸ್ ಹಂಚಿಕೆಯಾಗಿತ್ತು. ಲಸಿಕೆಯೇ ಇಲ್ಲದಿದ್ದರೂ ವರ್ಷಕ್ಕೆ ಲಕ್ಷ ಶಿಶುಗಳಲ್ಲಿ ಸುಮಾರು 50 ಮಕ್ಕಳಿಗೆ ಈ ತೊಂದರೆ ಬರುತ್ತದೆ, ಅಂದರೆ ವಾರಕ್ಕೆ ಲಕ್ಷದಲ್ಲಿ ಒಂದು ಮಗುವಿಗೆ. ಹಾಗಾಗಿ 15 ಲಕ್ಷ ಡೋಸ್‌ಗಳ ನಂತರದ ಒಂದೊಂದು ವಾರವನ್ನು ಕೂಡಿಸಿದರೆ, ಬರೀ ಕಾಕತಾಳೀಯವಾಗಿಯೇ 14ರಿಂದ 16 ಪ್ರಕರಣ ಕಾಣಬೇಕು. ಬಂದ ವರದಿಗಳು ಆ ಲೆಕ್ಕವನ್ನು ಮೀರಿರಲಿಲ್ಲ. ಅಂಕಿಯನ್ನು ಮಾತ್ರ ನೋಡುವ ಅಧಿಕಾರಿ ಕಡತವನ್ನು ಮುಚ್ಚಿಬಿಡಬಹುದಿತ್ತು.

ಅವರು ಮುಚ್ಚಲಿಲ್ಲ, ಎರಡು ಕಾರಣಕ್ಕೆ. ಇಂಥ ವ್ಯವಸ್ಥೆಗೆ ನಡೆದದ್ದೆಲ್ಲ ಬಂದು ತಲುಪುವುದಿಲ್ಲ, ತಲುಪುವುದು ಒಂದು ಪಾಲು ಮಾತ್ರ. ಆ ಪಾಲೇ ಕಾಕತಾಳೀಯದ ಒಟ್ಟು ಲೆಕ್ಕಕ್ಕೆ ಸಮನಾಗಿದ್ದರೆ ನಿಜವಾದ ಸಂಖ್ಯೆ ಎಷ್ಟಿರಬೇಕು? ಎರಡನೆಯದು ಸಮಯ. ಹದಿನೈದರಲ್ಲಿ 13 ಪ್ರಕರಣ ಮೊದಲ ಡೋಸ್ ಆದ ಮೇಲಿನವು. 12 ಮಕ್ಕಳಲ್ಲಿ ಲಕ್ಷಣಗಳು ಲಸಿಕೆ ಹಾಕಿದ ಒಂದೇ ವಾರದೊಳಗೆ ಶುರುವಾಗಿದ್ದವು. ಕಾಕತಾಳೀಯವಾಗಿ ಬರುವ ಕಾಯಿಲೆಗೆ ಲಸಿಕೆಯ ದಿನ ಗೊತ್ತಿರುವುದಿಲ್ಲ, ಅದು ಎಲ್ಲ ವಾರಗಳಲ್ಲೂ ಹರಡಿಕೊಂಡಿರುತ್ತದೆ. ಈ ವಿದ್ಯೆಯ ಜೀವಾಳ ಇರುವುದು ಹೀಗೆ ಗುಂಪುಗೂಡುವಿಕೆಯನ್ನು ಗುರುತಿಸುವುದರಲ್ಲಿ ಎಂದು ನನ್ನ ಅಭಿಪ್ರಾಯ.

ಜುಲೈ ತಿಂಗಳಲ್ಲೇ ಲಸಿಕೆ ಹಾಕುವುದನ್ನು ಮುಂದೂಡುವಂತೆ ಸಲಹೆ ಹೊರಟಿತು. ಹಾಗೆಂದು ವರದಿಗಳನ್ನೇ ಸಾಕ್ಷಿ ಎಂದು ಯಾರೂ ಹಿಡಿಯಲಿಲ್ಲ. ವರದಿ ಅನುಮಾನ ಹುಟ್ಟಿಸಬಲ್ಲದು. ಲಸಿಕೆ ಪಡೆದವರೆಷ್ಟು, ಪಡೆಯದವರಲ್ಲಿ ಏನಾಯಿತು ಎಂಬುದು ಅದರಲ್ಲಿ ಇರುವುದಿಲ್ಲ. ಅದಕ್ಕಾಗಿ 19 ರಾಜ್ಯಗಳಲ್ಲಿ, ಕರುಳು ಸಿಕ್ಕಿಕೊಂಡ ಮಕ್ಕಳನ್ನೂ ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು, ಯಾರಿಗೆ ಯಾವಾಗ ಲಸಿಕೆಯಾಗಿತ್ತು ಎಂದು ದಾಖಲೆಗಳನ್ನು ತೆಗೆದು ನೋಡಿದರು. ಮೊದಲ ಡೋಸ್ ಆದ 3ರಿಂದ 14 ದಿನಗಳಲ್ಲಿ ಅಪಾಯ 20 ಪಟ್ಟಿಗೂ ಹೆಚ್ಚಿತ್ತು. ಸುಮಾರು ಐದರಿಂದ ಹತ್ತು ಸಾವಿರ ಶಿಶುಗಳಿಗೆ ಒಂದು ಹೆಚ್ಚುವರಿ ಪ್ರಕರಣ ಎಂಬ ಅಂದಾಜು ಬಂತು. ಅಧ್ಯಯನ ಅಚ್ಚಾಗುವುದಕ್ಕೂ ಮುಂಚೆ, 1999ರ ಅಕ್ಟೋಬರ್‌ನಲ್ಲಿಯೇ ಕಂಪನಿ ಲಸಿಕೆಯನ್ನು ವಾಪಸು ಪಡೆದಿತ್ತು.

ಆ ನಿರ್ಧಾರಕ್ಕೆ ಬೆಲೆಯನ್ನೂ ತೆರಬೇಕಾಯಿತು. ಅಮೆರಿಕದಲ್ಲಿ ಭೇದಿಯಿಂದ ಸಾಯುವ ಮಕ್ಕಳು ತೀರಾ ಕಡಿಮೆ. ಅಲ್ಲಿ ವಾಪಸು ಪಡೆದದ್ದು ಸರಿ. ಅದೇ ಹೊತ್ತಿಗೆ ಬಡ ದೇಶಗಳಲ್ಲಿ ರೋಟಾವೈರಸ್ ವರ್ಷಕ್ಕೆ ಲಕ್ಷಾಂತರ ಮಕ್ಕಳನ್ನು ಕೊಲ್ಲುತ್ತಿತ್ತು. ಅಲ್ಲಿ ತಕ್ಕಡಿ ಬೇರೆ ಕಡೆಗೆ ತೂಗುತ್ತಿತ್ತು, ಆದರೂ ಆ ಮಕ್ಕಳು ವರ್ಷಗಟ್ಟಲೆ ಕಾಯಬೇಕಾಯಿತು. ನಂತರ ಬಂದ ಎರಡು ರೋಟಾ ಲಸಿಕೆಗಳ ಪರೀಕ್ಷೆಗೆ ತಲಾ 60,000ಕ್ಕೂ ಹೆಚ್ಚು ಶಿಶುಗಳನ್ನು ಸೇರಿಸಿಕೊಂಡರು.

ನಮ್ಮ ದೇಶದ ‘ರೋಟಾವ್ಯಾಕ್’ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ಸುಮಾರು 6,800 ಶಿಶುಗಳಲ್ಲಿ ಪರೀಕ್ಷೆಯಾಗಿತ್ತು. ಹತ್ತು ಸಾವಿರಕ್ಕೊಂದು ಅಪಾಯ ಅದರಲ್ಲಿ ಕಾಣುವಂತಿರಲಿಲ್ಲ. ಹಾಗಾಗಿ 2016ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಸಿದಾಗಲೇ, ಕರುಳು ಸಿಕ್ಕಿಕೊಂಡು ಬರುವ ಪ್ರತಿ ಶಿಶುವನ್ನೂ ದಾಖಲಿಸುವ ಏರ್ಪಾಡನ್ನು 27 ಆಸ್ಪತ್ರೆಗಳಲ್ಲಿ ಮಾಡಿದರು. ಮೂರು ವರ್ಷಗಳಲ್ಲಿ 970 ಮಕ್ಕಳು ಸಿಕ್ಕರು. ಲಸಿಕೆಯ ನಂತರದ ಮೂರು ವಾರಗಳಲ್ಲಿ ಪ್ರಕರಣಗಳು ಗುಂಪುಗೂಡಿರಲಿಲ್ಲ. ನಿಗಾ ಇಟ್ಟಿದ್ದರಿಂದಲೇ ಈ ನೆಮ್ಮದಿಯ ಉತ್ತರವೂ ಸಿಕ್ಕಿತು.

ಲಸಿಕೆಯೊಂದೇ ಅಲ್ಲ, ಎಲ್ಲ ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಭಾರತದಲ್ಲಿ 2010ರಿಂದ ಕೂಡಿಸುತ್ತಿದ್ದಾರೆ. ಘಾಜಿಯಾಬಾದ್‌ನ ಇಂಡಿಯನ್ ಫಾರ್ಮಕೊಪಿಯಾ ಕಮಿಷನ್ ಇದರ ಕೇಂದ್ರ. ಇಲ್ಲಿಂದ ವರದಿಗಳು ಸ್ವೀಡನ್ನಿನ ಉಪ್ಸಲಾದಲ್ಲಿರುವ ಜಾಗತಿಕ ಸಂಗ್ರಹಕ್ಕೂ ಹೋಗುತ್ತವೆ. 2023ರ ನವೆಂಬರ್ 30ರಂದು ಈ ಕಮಿಷನ್ ಮೆಫೆನಾಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಹೊರಡಿಸಿತು. ಮುಟ್ಟಿನ ಹೊಟ್ಟೆನೋವಿಗೆ ಹೆಣ್ಣುಮಕ್ಕಳು ದಶಕಗಳಿಂದ ನುಂಗುತ್ತಿರುವ ಮಾತ್ರೆ ಅದು. ಅಪರೂಪಕ್ಕೆ ಕೆಲವರಲ್ಲಿ ಜ್ವರ, ಮೈಮೇಲೆ ಗಂಧೆ, ಗಂಟಲ ಗ್ರಂಥಿಗಳ ಊತದಿಂದ ಶುರುವಾಗಿ ಯಕೃತ್ತಿನಂಥ ಅಂಗಗಳಿಗೂ ಪೆಟ್ಟು ಬೀಳಬಹುದು. ಇದು ಕಾಣಿಸಿಕೊಳ್ಳುವುದು ಮಾತ್ರೆ ತೆಗೆದುಕೊಂಡ ಎರಡರಿಂದ ಎಂಟು ವಾರಗಳಲ್ಲಿ. ಅಷ್ಟರಲ್ಲಿ ಮಾತ್ರೆಯ ನೆನಪೇ ಹೋಗಿರುತ್ತದೆ. ವೈದ್ಯರು ಹಿಂದಿನ ಎರಡು ತಿಂಗಳ ಮದ್ದುಗಳನ್ನು ಕೇಳದಿದ್ದರೆ ಅಲ್ಲಿಗೆ ಸುಳಿವು ಕಳೆದುಹೋದಂತೆಯೇ.

ಆದ್ದರಿಂದ ನುಂಗಿದ ಮಾತ್ರೆಯ ಪಟ್ಟಿಯನ್ನೂ ಚೀಟಿಯನ್ನೂ ಕೆಲವು ವಾರ ಎಸೆಯಬೇಡಿ. ಔಷಧದಿಂದ ತೊಂದರೆಯಾಯಿತೆಂಬ ಅನುಮಾನವಿದ್ದರೆ ಮೊದಲು ವೈದ್ಯರನ್ನು ಕಾಣಿ, ಆಮೇಲೆ 1800-180-3024ಕ್ಕೆ ಕರೆ ಮಾಡಿ, ಕರೆಗೆ ಹಣವಿಲ್ಲ. ರೋಗಿಯ ಗುರುತಿಗೆ ಹೆಸರಿನ ಮೊದಲಕ್ಷರ ಮತ್ತು ವಯಸ್ಸು, ಅನುಮಾನವಿರುವ ಔಷಧ, ಆದ ತೊಂದರೆ, ವರದಿ ಕೊಡುವವರು ಯಾರು ಎಂಬ ನಾಲ್ಕು ಸಂಗತಿ ಇದ್ದರೆ ಸಾಕು. ಔಷಧವೇ ಕಾರಣ ಎಂದು ನೀವು ಸಾಬೀತು ಮಾಡಬೇಕಿಲ್ಲ.